ಮಸೂದೆ ಕಾಯಿದೆಯಾಗುವುದು ಯಾವಾಗ?

ಈ ವರ್ಷ ಕಾಲೇಜಿಗೆ ಸೇರಿದ ಮಕ್ಕಳು ಮನೆಯಲ್ಲಿದ್ದರೆ, ಸದಸ್ಯ ಬಾಂಧವರು ಇದನ್ನು ಅವರಿಗೆ ಓದಿ ಹೇಳಬಹುದು.

"ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು" ಎಂಬ ಸುದ್ದಿ ಕೇಳಿದೊಡನೆ ಕಾಯಿದೆ ಜಾರಿಯಾಯಿತೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ನಮ್ಮ ರಾಜ್ಯದಲ್ಲಿ ವಿಧಾನ ಪರಿಷತ್ತೂ ಇದೆ. ಮಸೂದೆ ಅಲ್ಲಿಗೂ ಹೋಗಬೇಕು. ಬಳಿಕ ರಾಜ್ಯಪಾಲರ ಅಂಕಿತ ಬೇಕು. ಅವರು ಸಹಿ ಹಾಕಬಹುದು, ಮರುಪರಿಶೀಲನೆಗೆ ಹಿಂತಿರುಗಿಸಬಹುದು, ಇಲ್ಲವೇ ರಾಷ್ಟ್ರಪತಿಗಳಿಗೆ ಕಳುಹಿಸಬಹುದು. ಅಂಕಿತವಾದ ಮೇಲೆ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ.

ನಮಗೆ ಹತ್ತಿರದ ಉದಾಹರಣೆ ಜಾನುವಾರು ಹತ್ಯೆ ತಡೆ ಮಸೂದೆ. 1964ರ ಕಾಯಿದೆಯಲ್ಲಿ 12 ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರ ಪಡೆದು ವಧೆಗೆ ಕಳಿಸಲು ಅವಕಾಶವಿತ್ತು. ಅದನ್ನು ಬದಲಿಸುವ 2010ರ ಮಸೂದೆಗೆ ಎರಡೂ ಸದನಗಳು ಒಪ್ಪಿದವು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಅಂಕಿತ ದೊರೆಯಲಿಲ್ಲ, ಹಳೆಯ ಕಾಯಿದೆಯೇ ಉಳಿಯಿತು.

ಮತ್ತೊಂದು ಮಸೂದೆ 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಪಾಸಾಯಿತು, ಪರಿಷತ್ತಿನಲ್ಲಿ ಆಗಲಿಲ್ಲ. ಆ ತಿಂಗಳಲ್ಲಿ ರೈತನ ಎತ್ತಿಗೆ ಅನ್ವಯಿಸುತ್ತಿದ್ದುದು 1964ರ ಕಾಯಿದೆಯೇ! ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸದನ ಸೇರದಿರುವಾಗ ರಾಜ್ಯಪಾಲರು ಹೊರಡಿಸುವ ಈ ಆಜ್ಞೆಗೆ ಕಾಯಿದೆಯಷ್ಟೇ ಬಲವುಂಟು. ಆದರೆ ಸದನಗಳು ಮತ್ತೆ ಸೇರಿದ ಮೇಲೆ ಆರು ವಾರಗಳೊಳಗೆ ಮಸೂದೆ ಪಾಸಾಗದಿದ್ದರೆ ಅದು ಬಿದ್ದುಹೋಗುತ್ತದೆ. 2021ರ ಫೆಬ್ರವರಿ 8ರಂದು ಪರಿಷತ್ತು ಧ್ವನಿಮತದಿಂದ ಒಪ್ಪಿತು, ಅಂಕಿತವೂ ಸಿಕ್ಕಿತು. ಹೊಸ ಕಾಯಿದೆಯಲ್ಲಿ ಎತ್ತಿಗೆ ವಯಸ್ಸಿನ ವಿನಾಯಿತಿ ಇಲ್ಲ. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಇದೆ.

ಆದುದರಿಂದ ಪತ್ರಿಕೆ ಓದುವಾಗ "ಪಾಸಾಯಿತು" ಎಂದಿದ್ದರೆ ಯಾವ ಸದನದಲ್ಲಿ, ಅಂಕಿತವಾಯಿತೇ ಎಂದು ನೋಡಿ.