ಗಿರಣಿಯಲ್ಲಿ ಹೋದ ತೂಕ ಯಾವ ಲೆಕ್ಕಕ್ಕೆ?

ಒಣಮೆಣಸಿನಕಾಯಿ ಬೀಸಿದರೆ ತೂಕ ಇಳಿಯಲೇಬೇಕು. ಯಂತ್ರದ ಬಿಸಿಗೆ ತೇವ ಆರುತ್ತದೆ, ನುಣ್ಣನೆಯ ಪುಡಿ ಹಾರುತ್ತದೆ. ಒಂದು ಘಟಕ 1,000 ಕಿಲೋ ಬ್ಯಾಡಗಿ ಬೀಸಿತು ಎನ್ನಿ. ಕಾಯಿ, ಕೂಲಿ, ಕರೆಂಟು ಸೇರಿ ಖರ್ಚು 2,40,000 ರೂಪಾಯಿ. ಅಲ್ಲಿ ಸಾಮಾನ್ಯವಾಗಿ ಆಗುವ ನಷ್ಟ ಶೇ. 4. ಹಾಗಾಗಿ ಖರ್ಚನ್ನು 960 ಕಿಲೋಗೆ ಹಂಚಬೇಕು: ಕಿಲೋಗೆ 250 ರೂಪಾಯಿ. ಸಹಜ ನಷ್ಟವನ್ನು ಒಳ್ಳೆಯ ಪುಡಿಯೇ ಹೊರುತ್ತದೆ.

ಆದರೆ ಕೈಗೆ ಬಂದದ್ದು 940 ಕಿಲೋ. ಜರಡಿ ಹರಿಯಿತೋ, ಚೀಲವೇ ಕಾಣೆಯಾಯಿತೋ, ಉಳಿದ 20 ಕಿಲೋ ಅಸಹಜ ನಷ್ಟ. ಅದಕ್ಕೂ 250ರ ದರ ಕಟ್ಟಿ, 5,000 ರೂಪಾಯಿಯನ್ನು ನೇರವಾಗಿ ಲಾಭ-ನಷ್ಟ ಖಾತೆಗೆ ಹಾಕಬೇಕು. ಒಟ್ಟು ಖರ್ಚನ್ನು 940ರಿಂದಲೇ ಭಾಗಿಸಿದರೆ ದರ 255 ದಾಟುತ್ತದೆ, ಹರಿದ ಜರಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಸಲವೂ ಒಳಹೋದ, ಹೊರಬಂದ ತೂಕ ಬರೆದಿಡಿ.