ನಿಮಗಿದು ಗೊತ್ತೆ? ಉದ್ಯೋಗದಾತರ ನೈಜತೆಗೆ ಭವಿಷ್ಯನಿಧಿಯ ಸಾಕ್ಷ್ಯ

ತಮ್ಮಲ್ಲಿ 200 ಮಂದಿ ನೌಕರರಿರುವರೆಂದು ಹೇಳಿಕೊಂಡು ನೇಮಕಾತಿ ಪತ್ರವನ್ನು ಕಳುಹಿಸುವವರು ಯಥಾರ್ಥವಾಗಿಯೂ ಉದ್ಯೋಗದಾತರೇ ಎಂಬುದನ್ನು, ನೌಕರರ ಭವಿಷ್ಯನಿಧಿ ಸಂಘಟನೆಯ ಜಾಲತಾಣದ Establishment Search ಪುಟದಲ್ಲಿ ಸಂಸ್ಥೆಯ ಹೆಸರನ್ನು ನಮೂದಿಸಿ ಯಾರಾದರೂ ಪರೀಕ್ಷಿಸಬಹುದು. ಸಂಸ್ಥೆಯ ಸಂಕೇತಸಂಖ್ಯೆ, ವಿಳಾಸಗಳಷ್ಟೇ ಅಲ್ಲದೆ, ಯಾವ ತಿಂಗಳು ಎಷ್ಟು ಮಂದಿಯ ಪರವಾಗಿ ಎಷ್ಟು ಹಣ ಸಂದಾಯವಾಯಿತೆಂಬುದೂ ಅಲ್ಲಿ ಗೋಚರಿಸುವುದು. 200 ಮಂದಿಯೆಂದವರು ಮೂವರ ವಂತಿಗೆಯನ್ನು ಮಾತ್ರ ಕಟ್ಟಿದ್ದರೆ, ಅಥವಾ ವರ್ಷದಿಂದ ಏನನ್ನೂ ಕಟ್ಟದಿದ್ದರೆ, ಸಂದೇಹಕ್ಕೆ ಆಸ್ಪದವುಂಟು. ಭವಿಷ್ಯನಿಧಿಯು ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕಡ್ಡಾಯವಾದುದರಿಂದ, ಸಣ್ಣ ಅಂಗಡಿಯ ಹೆಸರು ಸಿಗದಿದ್ದ ಮಾತ್ರಕ್ಕೆ ಅದು ಸುಳ್ಳೆನ್ನಲಾಗದು. ನೈಜ ಸಂಸ್ಥೆಯ ಹೆಸರನ್ನೇ ವಂಚಕರು ಬಳಸುವುದೂ ಉಂಟಾದ್ದರಿಂದ, ದಾಖಲೆಯಲ್ಲಿರುವ ವಿಳಾಸವನ್ನು ಪತ್ರದ ವಿಳಾಸದೊಡನೆ ತಪ್ಪದೆ ಹೋಲಿಸಿ ನೋಡಿರಿ.