ಒಂದೇ ಬಣ್ಣ, ಎರಡು ಲಾಟ್

ಬೆಂಗಳೂರಿನ ಒಂದು ಬುಟೀಕ್‌ಗೆ ಮದುವೆ ಮನೆಯಿಂದ ನವಿಲು ಹಸಿರಿನ ಹದಿನಾಲ್ಕು ಹತ್ತಿ ಕುರ್ತಾಗಳ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳಿ. ಮೊದಲು 30 ಮೀಟರ್ ಬಟ್ಟೆ ಬಂತು. ಸಾಲದೆ ಇನ್ನೂ 12 ಮೀಟರ್ ತರಿಸಿದರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಬಣ್ಣ. ಕಟಿಂಗ್ ಮಾಸ್ಟರ್ ಬಾಗಿಲ ಬಳಿ ಒಯ್ದು ಬಿಚ್ಚಿದಾಗ ಎರಡನೆಯ ಥಾನಿನಲ್ಲಿ ಹಳದಿ ಇಣುಕುತ್ತಿತ್ತು. ಮಾಲೀಕರು ಸಪ್ಲೈಯರ್‌ಗೆ ಹೀಗೆ ಬರೆದರು:

‘ಮಾನ್ಯರೇ, ನೀವು ಕಳಿಸಿದ ಲಾಟ್ 217ರ 30 ಮೀಟರ್‌ಗೂ ಲಾಟ್ 231ರ 12 ಮೀಟರ್‌ಗೂ ಬಣ್ಣ ಹೊಂದುತ್ತಿಲ್ಲ. ಟ್ಯೂಬ್‌ಲೈಟಿನಲ್ಲಿ ಒಂದೇ ರೀತಿ ಕಾಣುತ್ತವೆ. ಹಗಲು ಬೆಳಕಿನಲ್ಲಿ 231 ಹಳದಿಗೆ ತಿರುಗುತ್ತದೆ. ಎರಡರಿಂದಲೂ ಅಂಗೈಯಗಲದ ತುಂಡು ಕತ್ತರಿಸಿ, ಲಾಟ್ ನಂಬರ್ ಬರೆದು ಲಗತ್ತಿಸಿದ್ದೇನೆ. ಆ ತುಂಡನ್ನು ಬಿಟ್ಟರೆ 231ರ ಬಟ್ಟೆಗೆ ಕತ್ತರಿ ತಾಗಿಸಿಲ್ಲ, ನೀರಿಗೂ ಹಾಕಿಲ್ಲ. 217ರಲ್ಲೇ 12 ಮೀಟರ್ ಉಳಿದಿದ್ದರೆ ಬದಲಿಸಿ ಕೊಡಿ. ಇಲ್ಲವಾದರೆ ವಾಪಸ್ ಪಡೆದು ಬಿಲ್ಲಿನಲ್ಲಿ ಕಳೆಯಿರಿ.’

ಈ ಪತ್ರದಲ್ಲಿ ಹೆಚ್ಚು ಕೆಲಸ ಮಾಡುವುದು ಬೆಳಕಿನ ಮಾತು. ಬಣ್ಣ ಎಲ್ಲಿ ಕೆಟ್ಟಿತೆಂಬ ಸುಳಿವು ಅದರಲ್ಲಿದೆ.

ಒಮ್ಮೆಗೆ ಒಂದು ತೊಟ್ಟಿಯಲ್ಲಿ ಬಣ್ಣ ಹಾಕಿದ ಬಟ್ಟೆಯೇ ಒಂದು ಲಾಟ್. ಹತ್ತಿಗೆ ಸಾಮಾನ್ಯವಾಗಿ ರಿಯಾಕ್ಟಿವ್ ಬಣ್ಣ ಬಳಸುತ್ತಾರೆ. ಉಪ್ಪು ಬಣ್ಣವನ್ನು ನೂಲಿನತ್ತ ತಳ್ಳುತ್ತದೆ, ಸೋಡಾ ಅದನ್ನು ನೂಲಿಗೆ ಕಚ್ಚಿಸುತ್ತದೆ. ನವಿಲು ಹಸಿರು ಬರಲು ಟರ್ಕಾಯ್ಸ್ ನೀಲಿಗೆ ಹಳದಿ ಬೆರೆಸಬೇಕು. ಹಲವು ಬಣ್ಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದರೆ, ಟರ್ಕಾಯ್ಸ್‌ನ ಅಣು ದೊಡ್ಡದು. ಅದಕ್ಕೆ 80 ಡಿಗ್ರಿಯಷ್ಟು ಬಿಸಿ ಬೇಕು. ತೊಟ್ಟಿಯ ಬಿಸಿ ಇಳಿದರೆ ನೀಲಿ ಕಡಿಮೆ ಹಿಡಿದು ಹಸಿರು ಹಳದಿಯಾಗುತ್ತದೆ. ಆದರೆ ಅಂಥ ವ್ಯತ್ಯಾಸ ಹೆಚ್ಚುಕಡಿಮೆ ಎಲ್ಲ ಬೆಳಕಿನಲ್ಲೂ ಕಾಣಬೇಕು.

ಟ್ಯೂಬ್‌ಲೈಟಿನಲ್ಲಿ ಸೇರಿ ಬಿಸಿಲಿನಲ್ಲಿ ಬೇರೆಯಾದರೆ ಸಂಶಯ ಬೇರೆಡೆಗೆ ಹೋಗುತ್ತದೆ: ಹಿಂದಿನ ಹಳದಿ ಮುಗಿದು, ಇನ್ನೊಂದು ಹಳದಿಯಿಂದ ಅದೇ ಹಸಿರನ್ನು ಕೂಡಿಸಿರಬಹುದು. ಇದನ್ನು ಮೆಟಮೆರಿಸಂ ಎನ್ನುತ್ತಾರೆ. ಬಣ್ಣದವರು ತಮ್ಮ ಟ್ಯೂಬ್‌ಲೈಟಿನಡಿ ನೋಡಿ ‘ಸರಿ ಇದೆ’ ಎಂದಿದ್ದರೆ ಅದು ಸುಳ್ಳೂ ಅಲ್ಲ.

ಬಣ್ಣದ ಲಾಟುಗಳು ಕೂದಲೆಳೆಯಷ್ಟೂ ಬದಲಾಗದಿರುವುದು ಅಪರೂಪ. ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದನ್ನು ಖರೀದಿಗೆ ಮೊದಲೇ ತಿಳಿ, ನಡು, ಗಾಢ ಎಂಬ ಮೂರು ತುಂಡುಗಳ ಮೇಲೆ ಇಬ್ಬರೂ ಸಹಿ ಹಾಕಿ ನಿಗದಿ ಮಾಡಿಕೊಂಡರೆ ಜಗಳ ತಪ್ಪುತ್ತದೆ. ಹಾಗೆಯೇ ಒಂದು ಕುರ್ತಾದ ಮೈ, ತೋಳು ಎರಡನ್ನೂ ಒಂದೇ ಲಾಟಿನಿಂದ ಕತ್ತರಿಸಬೇಕು. ಹೊಸ ಥಾನು ಬಂದಾಗ ಹಗಲಿನಲ್ಲಿ ಬಾಗಿಲ ಬಳಿ ಒಯ್ದು ಹಳೆಯದರ ಪಕ್ಕ ಹಿಡಿದು ನೋಡಿ. ಕತ್ತರಿ ಆಡಿದ ಬಟ್ಟೆಯನ್ನು ಯಾವ ಸಪ್ಲೈಯರೂ ಸುಲಭಕ್ಕೆ ವಾಪಸ್ ಪಡೆಯುವುದಿಲ್ಲ.